ಸ್ಪ್ರಿಂಗ್ ಮೇಲೆ ಬಿದ್ದ ತೂಕ: ಗರಿಷ್ಠ ಸಂಕೋಚನ ಹುಡುಕಲು ಎರಡು ಉದ್ದ ಸಾಕು

ದಾವಣಗೆರೆಯ ಸಂತೆಯಲ್ಲಿ ಗಡಿಯಾರದಂಥ ಮುಖದ ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡು ತರಕಾರಿ ಮಾರುವವರ ಮುಂದೆ ಒಂದು ನಿಮಿಷ ನಿಂತು ನೋಡಿ. ತಟ್ಟೆಗೆ ತಾಗುವಷ್ಟು ಹತ್ತಿರ ಹಿಡಿದ ಒಂದು ಕೆಜಿ ಬದನೆಕಾಯಿಯನ್ನು ಅವರು ಒಮ್ಮೆಲೇ ಬಿಟ್ಟರೆ ಮುಳ್ಳು ಒಂದರ ಮೇಲೆ ನಿಲ್ಲುವುದಿಲ್ಲ. ಎರಡರ ಹತ್ತಿರಕ್ಕೆ ಜಿಗಿದು, ಹಿಂದೆ ಬಂದು, ನಾಲ್ಕಾರು ಸಲ ತೂಗಾಡಿ, ಆಮೇಲೆ ಒಂದರಲ್ಲಿ ಕೂರುತ್ತದೆ. ಅದೇ ಬದನೆಕಾಯಿಯನ್ನು ಒಂದು ಗೇಣು ಎತ್ತರದಿಂದ ಹಾಕಿದರೆ ಮುಳ್ಳು ಎರಡನ್ನೂ ದಾಟಿ ಹೋಗುತ್ತದೆ. ತೂಕ ಬದಲಾಗಿಲ್ಲ, ಸ್ಪ್ರಿಂಗ್ ಬದಲಾಗಿಲ್ಲ. ಹಾಗಾದರೆ ಮುಳ್ಳು ಎಲ್ಲಿಯವರೆಗೆ ಹೋಗಬಹುದು?

ಪ್ರಥಮ ಪಿಯುಸಿಯ ಕೆಲಸ ಮತ್ತು ಶಕ್ತಿಯ ಪಾಠದಲ್ಲಿ ಇದೇ ಲೆಕ್ಕ ಬರುತ್ತದೆ: ನೇರವಾಗಿ ನಿಂತ ಸ್ಪ್ರಿಂಗ್ ಮೇಲೆ h ಎತ್ತರದಿಂದ m ದ್ರವ್ಯರಾಶಿ ಬಿದ್ದರೆ ಸ್ಪ್ರಿಂಗ್ ಹೆಚ್ಚೆಂದರೆ ಎಷ್ಟು ಕುಗ್ಗುತ್ತದೆ? ಪುಸ್ತಕದ ದಾರಿಯಲ್ಲಿ m, h, ಗುರುತ್ವ ವೇಗೋತ್ಕರ್ಷ g, ಸ್ಪ್ರಿಂಗ್ ಸ್ಥಿರಾಂಕ k ಎಂಬ ನಾಲ್ಕು ಅಂಕಿಗಳನ್ನು ಹಾಕಿ, ಉದ್ದನೆಯ ವರ್ಗಸಮೀಕರಣ ಬಿಡಿಸಿ, ದಶಮಾಂಶದಲ್ಲಿ ಎಡವಿ ಬೀಳುವವರೇ ಹೆಚ್ಚು. ಇಲ್ಲಿ ಬೇರೆ ದಾರಿ ಹಿಡಿಯೋಣ. ಅದೇ ತೂಕವನ್ನು ಅದೇ ಸ್ಪ್ರಿಂಗ್ ಮೇಲೆ ಮೆಲ್ಲಗೆ ಇಟ್ಟರೆ ಅದು ಎಷ್ಟು ಕುಗ್ಗುತ್ತದೆ ಎಂಬ ಒಂದು ಉದ್ದ, ಬೀಳುವ ಎತ್ತರ ಎಂಬ ಇನ್ನೊಂದು ಉದ್ದ. ಇವೆರಡು ಗೊತ್ತಿದ್ದರೆ ಉತ್ತರ ಬರುತ್ತದೆ. ತೂಕ ಎಷ್ಟು ಕೆಜಿ, g ಎಷ್ಟು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಈ ದಾರಿಯ ಇನ್ನೊಂದು ಲಾಭವೆಂದರೆ ಕಾಗದದ ಮೇಲೆ ಬಂದ ಉತ್ತರವನ್ನು ಮೇಜಿನ ಮೇಲೆ ಪರೀಕ್ಷಿಸುವುದು ಬಹಳ ಸುಲಭ.

ಬೇಕಾದ ಸಾಮಾನು

3 ಮಿ.ಮೀ. ತಂತಿಯ, ಸುಮಾರು 4 ಸೆಂ.ಮೀ. ಅಗಲದ, 22 ಸೆಂ.ಮೀ. ಉದ್ದದ ಒತ್ತುವ ಸ್ಪ್ರಿಂಗ್ ಒಂದು ಬೇಕು. ಒತ್ತುವ ಸ್ಪ್ರಿಂಗ್ ಎಂದರೆ ಸುರುಳಿಗಳ ನಡುವೆ ಸಂದು ಇರುವಂಥದ್ದು. ಸುರುಳಿಗಳು ಅಂಟಿಕೊಂಡಂತೆ ಇರುವುದು ಎಳೆಯುವ ಸ್ಪ್ರಿಂಗ್, ಅದು ಇಲ್ಲಿ ಕೆಲಸಕ್ಕೆ ಬಾರದು. ಬೈಕಿನ ಹಿಂಬದಿ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಅದನ್ನು ತರಬೇಡಿ. ಒಂದು ಕೆಜಿ ಇಟ್ಟರೆ ಅದು ಕಣ್ಣಿಗೆ ಕಾಣುವಷ್ಟೂ ಕುಗ್ಗುವುದಿಲ್ಲ. ಅಂಗಡಿಯಲ್ಲೇ ಒಂದು ಕೆಜಿ ಇಟ್ಟು ನೋಡಿ, ಎರಡು ಸೆಂ.ಮೀ. ಆಸುಪಾಸು ಕುಗ್ಗಿದರೆ ಅದು ನಿಮಗೆ ಸರಿಯಾದ ಸ್ಪ್ರಿಂಗ್.

ತೂಕಕ್ಕೆ ಲೇತ್ ಅಂಗಡಿಯಲ್ಲಿ 45 ಮಿ.ಮೀ. ವ್ಯಾಸದ ಕಬ್ಬಿಣದ ರಾಡನ್ನು 8 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಎರಡೂ ಮುಖ ಸಾಪು ಮಾಡಿಸಿ. ಅದು ಹೆಚ್ಚುಕಡಿಮೆ ಸರಿಯಾಗಿ ಒಂದು ಕೆಜಿ ಬರುತ್ತದೆ. ಮೇಲ್ಮುಖದ ನಡುವೆ ಒಂದು ಚಿಕ್ಕ ಕೊಕ್ಕೆ ಹಾಕಿಸಿದರೆ ದಾರ ಕಟ್ಟಿ ತೂಗಿಬಿಡಬಹುದು.

ಮೂರನೆಯದು 50 ಮಿ.ಮೀ. ಒಳವ್ಯಾಸದ, 60 ಸೆಂ.ಮೀ. ಉದ್ದದ ಪಾರದರ್ಶಕ ಅಕ್ರಿಲಿಕ್ ಕೊಳವೆ. ಇದು ಯಾಕೆ ಬೇಕೆಂದರೆ, ಸ್ಪ್ರಿಂಗಿನ ಉದ್ದ ಅದರ ಅಗಲದ ನಾಲ್ಕು ಪಟ್ಟು ಮೀರಿದರೆ ಒತ್ತಿದಾಗ ಅದು ನೇರವಾಗಿ ಕುಗ್ಗುವ ಬದಲು ಪಕ್ಕಕ್ಕೆ ಬಾಗಲು ನೋಡುತ್ತದೆ. ನಮ್ಮದು ಐದೂವರೆ ಪಟ್ಟು ಇದೆ. ಕೊಳವೆ ಇಲ್ಲದೆ ಮೇಲಿಂದ ತೂಕ ಬಿಟ್ಟರೆ ಸ್ಪ್ರಿಂಗ್ ಬಳುಕಿ ತೂಕ ಕಾಲ ಮೇಲೆ ಬೀಳುತ್ತದೆ. ಅಕ್ರಿಲಿಕ್ ಸಿಗದಿದ್ದರೆ ಅದೇ ಅಳತೆಯ ಪಿವಿಸಿ ಪೈಪಿಗೆ ಉದ್ದಕ್ಕೂ ಒಂದು ಬೆರಳಗಲದ ಸೀಳು ಹಾಕಿಸಿ, ಅದರ ಮೂಲಕ ನೋಡಬಹುದು.

ಕೊಳವೆಯ ಬುಡದಲ್ಲಿ, ಹಲಗೆಗೆ ಕೂರುವ ಜಾಗದ ಸ್ವಲ್ಪ ಮೇಲೆ, 10 ಮಿ.ಮೀ.ನ ನಾಲ್ಕೈದು ತೂತು ಕೊರೆಯಿರಿ. ಇದನ್ನು ಮರೆತರೆ ಕೊಳವೆ ಸೈಕಲ್ ಪಂಪಿನಂತಾಗುತ್ತದೆ. ಬೀಳುವ ತೂಕ ಗಾಳಿಯನ್ನೂ ಒತ್ತುತ್ತದೆ, ಆ ಗಾಳಿ ಇನ್ನೊಂದು ಸ್ಪ್ರಿಂಗಿನ ಕೆಲಸ ಮಾಡಿ ಉತ್ತರವನ್ನು ಕೆಡಿಸುತ್ತದೆ. ತೂಕಕ್ಕೂ ಕೊಳವೆಗೂ ನಡುವಿನ ಸಂದು ಕಿರಿದಾದಷ್ಟೂ ಈ ತೊಂದರೆ ಜಾಸ್ತಿ. ಹಾಗಾಗಿ ‘ಟೈಟ್ ಆಗಿ ಕೂರಲಿ’ ಎಂದು 49 ಮಿ.ಮೀ. ರಾಡು ಹಾಕಿಸಬೇಡಿ.

ಕೊಳವೆಯನ್ನು ಹಲಗೆಗೆ ಬಿಗಿದು, ಗಾರೆ ಕೆಲಸದವರ ತೂಗುಗುಂಡು ಹಿಡಿದು ನೆಟ್ಟಗಿದೆಯೇ ನೋಡಿ. ಹೊರಮೈಗೆ ಒಂದು ಸ್ಕೇಲ್ ಅಂಟಿಸಿ. ಸ್ಪ್ರಿಂಗನ್ನು ಒಳಗೆ ನಿಲ್ಲಿಸಿ, ಅದರ ತುದಿ ಇರುವಲ್ಲಿ ಸೊನ್ನೆ ಎಂದು ಗುರುತು ಹಾಕಿ. ಮುಂದಿನ ಎಲ್ಲ ಅಳತೆಯೂ ಈ ಸೊನ್ನೆಯಿಂದಲೇ. ಸ್ಪ್ರಿಂಗ್ ತನ್ನ ಭಾರಕ್ಕೇ ತುಸು ಕುಗ್ಗಿರುತ್ತದೆ, ಆದರೆ ನಿಲ್ಲಿಸಿದ ಮೇಲೆ ಸೊನ್ನೆ ಗುರುತು ಹಾಕಿದ್ದರಿಂದ ಅದರ ಲೆಕ್ಕ ಅಲ್ಲಿಗೇ ಮುಗಿಯಿತು.

ಹೆಜ್ಜೆ 1: ಮೆಲ್ಲಗೆ ಇಟ್ಟು ಅಳೆಯಿರಿ

ತೂಕವನ್ನು ದಾರದಲ್ಲಿ ಇಳಿಬಿಟ್ಟು ಸ್ಪ್ರಿಂಗ್ ಮೇಲೆ ಕೂರಿಸಿ, ದಾರವನ್ನು ನಿಧಾನವಾಗಿ ಸಡಿಲಿಸಿ. ತೂಕದ ತಳ ಸೊನ್ನೆಯಿಂದ ಎಷ್ಟು ಕೆಳಗೆ ನಿಂತಿತೋ ಅದೇ ನಮ್ಮ ಮೊದಲ ಉದ್ದ. ಇದನ್ನು δ ಎನ್ನೋಣ. ನಮ್ಮ ಸ್ಪ್ರಿಂಗಿಗೆ ಇದು 2 ಸೆಂ.ಮೀ. ಎಂದಿಟ್ಟುಕೊಳ್ಳಿ.

ಈ ಒಂದು ಅಳತೆಯಲ್ಲಿ ಅವಸರ ಬೇಡ. δದಲ್ಲಿ 1 ಮಿ.ಮೀ. ತಪ್ಪಿದರೆ, ನಾವು ಮುಂದೆ ಮಾಡುವ ಲೆಕ್ಕದಲ್ಲಿ ಕೊನೆಯ ಉತ್ತರ ಸುಮಾರು ಮೂರೂವರೆ ಮಿ.ಮೀ. ತಪ್ಪುತ್ತದೆ. ಆದ್ದರಿಂದ ಅದೇ ಅಳತೆಯ ಇನ್ನೆರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮೂರು ಕೆಜಿಗೆ ಎಷ್ಟು ಕುಗ್ಗಿತು ನೋಡಿ, ಮೂರರಿಂದ ಭಾಗಿಸಿ. 6 ಸೆಂ.ಮೀ.ನಲ್ಲಿ 1 ಮಿ.ಮೀ. ತಪ್ಪಿದರೆ δದಲ್ಲಿ ತಪ್ಪುವುದು ಮೂರನೇ ಒಂದು ಭಾಗ ಮಾತ್ರ.

ಒಂದು, ಎರಡು, ಮೂರು ಕೆಜಿಗೆ 2, 4, 6 ಸೆಂ.ಮೀ. ಬಂದರೆ ಸ್ಪ್ರಿಂಗ್ ಹುಕ್‌ನ ನಿಯಮದಂತೆ ನಡೆಯುತ್ತಿದೆ. ಕೆಲವೊಮ್ಮೆ 2.4, 4.4, 6.4 ಎಂದು ಬರುವುದುಂಟು. ಆಗ ಸ್ಪ್ರಿಂಗ್ ಕೆಟ್ಟಿದೆ ಎಂದಲ್ಲ. ತುದಿಯ ಸುರುಳಿ ಸರಿಯಾಗಿ ಕೂರದೆ ಎದ್ದಿರುತ್ತದೆ, ಮೊದಲ 4 ಮಿ.ಮೀ. ಅದು ಕೂರುವುದಕ್ಕೇ ಹೋಗುತ್ತದೆ. ಎರಡು ಅಳತೆಗಳ ನಡುವಿನ ವ್ಯತ್ಯಾಸವಾದ 2 ಸೆಂ.ಮೀ.ಯನ್ನೇ δ ಎಂದು ಹಿಡಿಯಿರಿ. ಸೊನ್ನೆಯನ್ನೂ 4 ಮಿ.ಮೀ. ಕೆಳಕ್ಕೆ ಸರಿಸಿ, h ಅನ್ನು ಅಲ್ಲಿಂದ ಅಳೆಯಿರಿ. ವ್ಯತ್ಯಾಸವೇ ಒಂದೇ ಸಮ ಬರದಿದ್ದರೆ ಮಾತ್ರ ಆ ಸ್ಪ್ರಿಂಗ್ ಬಿಟ್ಟು ಬೇರೆ ನೋಡಿ.

ಹೆಜ್ಜೆ 2: ಎರಡು ಕ್ಷಣಗಳನ್ನು ಆರಿಸಿ

ಶಕ್ತಿಯ ದಾರಿಯ ಸೊಗಸು ಏನೆಂದರೆ ನಡುವೆ ಏನಾಯಿತು ಎಂದು ಹಿಂಬಾಲಿಸಬೇಕಿಲ್ಲ. ಕೈ ಬಿಟ್ಟ ಕ್ಷಣ ಒಂದು, ತೂಕ ಅತಿ ಕೆಳಗೆ ತಲುಪಿದ ಕ್ಷಣ ಇನ್ನೊಂದು. ಎರಡರಲ್ಲೂ ವೇಗ ಸೊನ್ನೆ. ಆದ್ದರಿಂದ ಎರಡರಲ್ಲೂ ಚಲನಶಕ್ತಿ ಇಲ್ಲ. ತೂಕ ಕೆಳಗಿಳಿದು ಕಳೆದುಕೊಂಡ ಪ್ರಚ್ಛನ್ನ ಶಕ್ತಿಯೆಲ್ಲ ಸ್ಪ್ರಿಂಗಿನೊಳಗೆ ಸೇರಿರಬೇಕು, ಬೇರೆಲ್ಲೂ ಹೋಗಲು ಜಾಗವಿಲ್ಲ.

ತೂಕ ಒಟ್ಟು ಎಷ್ಟು ಇಳಿಯಿತು? ಸ್ಪ್ರಿಂಗ್ ಮುಟ್ಟುವವರೆಗೆ h, ಮುಟ್ಟಿದ ಮೇಲೆ ಇನ್ನೂ x. ಒಟ್ಟು h + x. ಇದನ್ನು ಗಟ್ಟಿಯಾಗಿ ನೆನಪಿಡಿ, ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ.

ಸ್ಪ್ರಿಂಗಿನೊಳಗೆ ಎಷ್ಟು ಸೇರಿತು? ಸ್ಪ್ರಿಂಗ್ ಹಿಂದೊತ್ತುವ ಬಲ ಸೊನ್ನೆಯಿಂದ ಶುರುವಾಗಿ kx ತನಕ ಒಂದೇ ಸಮ ಏರುತ್ತದೆ, ಹಾಗಾಗಿ ಸರಾಸರಿ ಬಲ ಅದರ ಅರ್ಧ. ಅದನ್ನು x ದೂರದಿಂದ ಗುಣಿಸಿದರೆ ½kx².

```
mg(h + x) = ½kx²
```

ಹೆಜ್ಜೆ 3: k ಮತ್ತು m ಅನ್ನು ಓಡಿಸಿ

ಮೆಲ್ಲಗೆ ಇಟ್ಟಾಗ ತೂಕ ನಿಂತದ್ದು ಭಾರವೂ ಸ್ಪ್ರಿಂಗಿನ ಬಲವೂ ಸಮವಾದಲ್ಲಿ. ಅಂದರೆ mg = kδ. ಮೇಲಿನ ಸಮೀಕರಣದಲ್ಲಿ mg ಇದ್ದಲ್ಲಿ kδ ಬರೆಯಿರಿ. ಎರಡೂ ಕಡೆ k ಇರುವುದರಿಂದ ಅದು ಹೊಡೆದುಹೋಗುತ್ತದೆ. ಉಳಿಯುವುದು ಬರೀ ಉದ್ದಗಳು:

```
x² = 2δ(h + x)
x  = δ + √(δ² + 2δh)
```

ಈಗ ನಮ್ಮ ಅಂಕಿ ಹಾಕೋಣ. δ = 2 ಸೆಂ.ಮೀ., h = 24 ಸೆಂ.ಮೀ. ಮೀಟರಿಗೆ ಬದಲಾಯಿಸುವ ಗೋಜೂ ಇಲ್ಲ, ಎರಡೂ ಸೆಂ.ಮೀ.ನಲ್ಲಿದ್ದರೆ ಉತ್ತರವೂ ಸೆಂ.ಮೀ.ನಲ್ಲೇ ಬರುತ್ತದೆ.

```
x² = 4(24 + x)
x² − 4x − 96 = 0
(x − 12)(x + 8) = 0
```

x = 12 ಸೆಂ.ಮೀ. ತಾಳೆ ನೋಡಿ: ಎಡಗಡೆ 12 × 12 = 144, ಬಲಗಡೆ 4 × 36 = 144. ಸರಿಯಾಯಿತು. ಮೆಲ್ಲಗಿಟ್ಟರೆ 2 ಸೆಂ.ಮೀ. ಕುಗ್ಗುವ ಸ್ಪ್ರಿಂಗ್, ಒಂದು ಗೇಣಿಗಿಂತ ತುಸು ಹೆಚ್ಚಿನ ಎತ್ತರದಿಂದ ಬಿದ್ದರೆ 12 ಸೆಂ.ಮೀ. ಕುಗ್ಗುತ್ತದೆ, ಆರು ಪಟ್ಟು.

ಇನ್ನೊಂದು ಉತ್ತರ −8 ಬಂತಲ್ಲ, ಅದನ್ನು ‘ನೆಗೆಟಿವ್, ಬಿಟ್ಟುಬಿಡಿ’ ಎಂದು ಹೊಡೆದುಹಾಕುವುದು ರೂಢಿ. ಹೊಡೆಯುವುದು ಸರಿ, ಆದರೆ ಅದಕ್ಕೂ ಒಂದು ಅರ್ಥವಿದೆ. ತೂಕ ಮುಟ್ಟಿದ ಕೂಡಲೇ ಸ್ಪ್ರಿಂಗಿಗೆ ಅಂಟಿಕೊಂಡುಬಿಟ್ಟರೆ, ಕೆಳಗಿಂದ ವಾಪಸು ಬರುವಾಗ ಅದು ಸೊನ್ನೆ ಗುರುತಿನಿಂದ 8 ಸೆಂ.ಮೀ. ಮೇಲೆ, ಸ್ಪ್ರಿಂಗನ್ನು ಎಳೆದುಕೊಂಡು ನಿಲ್ಲುತ್ತದೆ. ಅಲ್ಲೂ ವೇಗ ಸೊನ್ನೆ, ಅದಕ್ಕೇ ಸಮೀಕರಣ ಅದನ್ನೂ ಹಿಡಿದು ಕೊಡುತ್ತದೆ. ಕೆಳಗಿನ 12, ಮೇಲಿನ 8, ಇವೆರಡರ ನಟ್ಟನಡುವೆ ಇರುವುದು 2 ಸೆಂ.ಮೀ. ಕೆಳಗಿನ ಜಾಗ, ಅಂದರೆ ನಮ್ಮ δ. ತೂಗಾಟದ ನಡುಬಿಂದು ಯಾವಾಗಲೂ ಅದೇ. ನಿಮ್ಮ ಎರಡು ಉತ್ತರಗಳ ಸರಾಸರಿ δ ಬರದಿದ್ದರೆ ಎಲ್ಲೋ ಕೂಡುವುದರಲ್ಲಿ ತಪ್ಪಿದ್ದೀರಿ ಎಂದೇ ಅರ್ಥ.

ಪರೀಕ್ಷೆಯಲ್ಲಿ δ ಕೊಡದೆ m = 1 kg, k = 490 N/m ಎಂದು ಕೊಟ್ಟಿದ್ದರೆ ಮೊದಲು δ = mg/k = 9.8/490 = 0.02 m ಎಂದು ಬರೆದುಕೊಂಡು ಇದೇ ದಾರಿ ಹಿಡಿಯಿರಿ.

ಎಲ್ಲರೂ ಮಾಡುವ ತಪ್ಪುಗಳು

ಮೊದಲನೆಯದು mg = kx ಎಂದು ಬರೆದು 2 ಸೆಂ.ಮೀ. ಎನ್ನುವುದು. ಅದು ತೂಕ ಕೊನೆಗೆ ಕೂರುವ ಜಾಗ, ಅತಿ ಕೆಳಗಿನ ಜಾಗವಲ್ಲ. ಬಲಗಳು ಸಮವಾದ ಕಡೆ ತೂಕ ನಿಂತುಬಿಡುತ್ತದೆ ಎಂಬ ಭಾವನೆ ಬಹಳ ಗಟ್ಟಿಯಾಗಿ ಕೂತಿರುತ್ತದೆ. ನಿಜ ಬೇರೆಯೇ ಇದೆ: ಬೀಳುವ ತೂಕದ ವೇಗ ಅತಿ ಹೆಚ್ಚಿರುವುದು ಅಲ್ಲೇ! ಸ್ಪ್ರಿಂಗ್ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 2.17 ಮೀಟರ್. ಮುಟ್ಟಿದ ಮೇಲೂ ಭಾರವೇ ಗೆಲ್ಲುತ್ತಿರುವುದರಿಂದ ವೇಗ ಇನ್ನೂ ಏರಿ, 2 ಸೆಂ.ಮೀ. ಕುಗ್ಗಿದಾಗ 2.21 ತಲುಪುತ್ತದೆ. ಇಳಿಯಲು ಶುರುವಾಗುವುದು ಅಲ್ಲಿಂದಾಚೆಗೆ.

ಎರಡನೆಯದು ಹೆಚ್ಚು ಕಳ್ಳತನದ ತಪ್ಪು: mgh = ½kx² ಎಂದು ಬರೆಯುವುದು. ಕುಗ್ಗುವಾಗ ಇಳಿದ x ಅನ್ನು ಮರೆತದ್ದು. ನಮ್ಮ ಅಂಕಿಗಳಿಗೆ ಇದು 9.8 ಸೆಂ.ಮೀ. ಕೊಡುತ್ತದೆ, ನೋಡಲು ಸರಿಯಂತೆಯೇ ಇದೆ, ಯಾರಿಗೂ ಸಂಶಯ ಬರುವುದಿಲ್ಲ. ಇದರ ಬಣ್ಣ ಬಯಲಾಗಬೇಕೆಂದರೆ h = 0 ಹಾಕಿ ನೋಡಿ. ತಪ್ಪು ಸೂತ್ರ ‘ಸ್ಪ್ರಿಂಗ್ ಕುಗ್ಗುವುದೇ ಇಲ್ಲ’ ಎನ್ನುತ್ತದೆ. ಸರಿಯಾದ ಸೂತ್ರ x = 2δ, ಅಂದರೆ 4 ಸೆಂ.ಮೀ. ಎನ್ನುತ್ತದೆ. ಸಂತೆಯ ತಕ್ಕಡಿಯ ಮುಳ್ಳು ಎರಡರ ಕಡೆ ಜಿಗಿದದ್ದು ಇದೇ ಲೆಕ್ಕಕ್ಕೆ. ಈ ತಪ್ಪಿನಿಂದ ಉತ್ತರ ಯಾವಾಗಲೂ ಕನಿಷ್ಠ ಒಂದು δದಷ್ಟಾದರೂ ಕಡಿಮೆ ಬರುತ್ತದೆ. ಹಾಗಾಗಿ h ತುಂಬಾ ದೊಡ್ಡದಿದ್ದು δ ಕೂದಲೆಳೆಯಷ್ಟಿದ್ದರೆ ಮಾತ್ರ ಇದನ್ನು ಕ್ಷಮಿಸಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೆಲ್ಲಗೆ ಇಟ್ಟಾಗಲೂ ತೂಕ ಕೆಳಗಿಳಿಯಿತು, ಆದರೆ ಅದು δದಲ್ಲೇ ನಿಂತಿತು. ಆಗ ಶಕ್ತಿಯ ಲೆಕ್ಕ ಎಲ್ಲಿ ಹೋಯಿತು? ತೂಕ ಕಳೆದುಕೊಂಡದ್ದು mgδ, ಸ್ಪ್ರಿಂಗಿಗೆ ಸೇರಿದ್ದು ಅದರ ಅರ್ಧ. ಉಳಿದರ್ಧವನ್ನು ನುಂಗಿದ್ದು ದಾರ ಹಿಡಿದಿದ್ದ ನಿಮ್ಮ ಕೈ. ಕೈ ಮೇಲ್ಮುಖವಾಗಿ ಎಳೆಯುತ್ತಿತ್ತು, ತೂಕ ಕೆಳಗೆ ಹೋಗುತ್ತಿತ್ತು. ಕೈ ಬಿಟ್ಟರೆ ಆ ಅರ್ಧ ನುಂಗುವವರು ಯಾರೂ ಇಲ್ಲ, ತೂಕ ಇನ್ನೊಂದು δ ಕೆಳಗೆ ಹೋಗುತ್ತದೆ.

ಮೂರನೆಯದು ಪ್ರಶ್ನೆ ಓದುವುದರಲ್ಲಿ ಆಗುವ ತಪ್ಪು. ‘ತೂಕ ಒಟ್ಟು 36 ಸೆಂ.ಮೀ. ಇಳಿದು ಕ್ಷಣಕಾಲ ನಿಲ್ಲುತ್ತದೆ’ ಎಂದಿದ್ದರೆ ಆ 36ರಲ್ಲೇ x ಸೇರಿದೆ. ಆಗ x² = 2δ × 36, ವರ್ಗಸಮೀಕರಣವೇ ಬೇಡ. ‘ಸ್ಪ್ರಿಂಗಿನ ತುದಿಯಿಂದ 24 ಸೆಂ.ಮೀ. ಮೇಲೆ’ ಎಂದಿದ್ದರೆ ಮಾತ್ರ ಅದು h. ‘ನೆಲದಿಂದ’ ಎಂದಿದ್ದರೆ ಸ್ಪ್ರಿಂಗಿನ ಉದ್ದ ಕಳೆಯಿರಿ.

ಹೆಜ್ಜೆ 4: ಸ್ಪ್ರಿಂಗಿಗೆ ಅಷ್ಟು ಜಾಗ ಇದೆಯೇ ನೋಡಿ

ಕಾಗದದ ಮೇಲಿನ ಸ್ಪ್ರಿಂಗ್ ಎಷ್ಟು ಬೇಕಾದರೂ ಕುಗ್ಗುತ್ತದೆ. ಕೈಯಲ್ಲಿರುವುದು ಹಾಗಲ್ಲ. ಸುರುಳಿಗಳನ್ನು ಎಣಿಸಿ, ತಂತಿಯ ದಪ್ಪದಿಂದ ಗುಣಿಸಿ. 27 ಸುರುಳಿ, 3 ಮಿ.ಮೀ. ತಂತಿ ಎಂದರೆ 8.1 ಸೆಂ.ಮೀ. ಸುರುಳಿಗಳೆಲ್ಲ ಒಂದಕ್ಕೊಂದು ತಾಗಿದಾಗ ಉಳಿಯುವ ಉದ್ದ ಇದು. 22ರಲ್ಲಿ ಇದನ್ನು ಕಳೆದರೆ 13.9. ನಮ್ಮ 12 ಸೆಂ.ಮೀ. ಇದರೊಳಗೆ ಕೂರುತ್ತದೆ, ಆದರೆ ಬಹಳ ಸಡಿಲವಾಗೇನೂ ಅಲ್ಲ.

ಇದೇ ಉಮೇದಿನಲ್ಲಿ 40 ಸೆಂ.ಮೀ. ಎತ್ತರದಿಂದ ಬಿಟ್ಟರೆ ಲೆಕ್ಕ 14.8 ಎನ್ನುತ್ತದೆ. ಸ್ಪ್ರಿಂಗಿಗೆ ಆ ಜಾಗ ಇಲ್ಲ. ಸುರುಳಿಗಳು ‘ಠಣ್’ ಎಂದು ಒಂದಕ್ಕೊಂದು ಬಡಿಯುತ್ತವೆ, ಅಲ್ಲಿಂದ ಮುಂದೆ ಅದು ಸ್ಪ್ರಿಂಗಲ್ಲ, ಕಬ್ಬಿಣದ ಕೊಳವೆ. ಉಳಿದ ಶಕ್ತಿಯೆಲ್ಲ ಪೆಟ್ಟಾಗಿ ಹಲಗೆಗೆ ಹೋಗುತ್ತದೆ. ಈ ಸ್ಪ್ರಿಂಗಿಗೆ ಒಂದು ಕೆಜಿಯನ್ನು 34 ಸೆಂ.ಮೀ.ಗಿಂತ ಮೇಲಿಂದ ಬಿಡಬಾರದು. ಪ್ರಯೋಗದಲ್ಲಿ ಲೋಹದ ಶಬ್ದ ಕೇಳಿದರೆ ಆ ಅಳತೆಯನ್ನು ಬಿಟ್ಟುಬಿಡಿ, ಸೂತ್ರ ಅಲ್ಲಿಗೆ ಅನ್ವಯಿಸುವುದಿಲ್ಲ.

ಎಷ್ಟು ಬಲ ಬಿತ್ತು?

x ಗೊತ್ತಾದ ಮೇಲೆ ಬಲ ಒಂದು ಭಾಗಾಕಾರ ಅಷ್ಟೇ: x/δ. 12/2 = 6. ಅತಿ ಕೆಳಗಿನ ಕ್ಷಣದಲ್ಲಿ ಸ್ಪ್ರಿಂಗ್ ಒತ್ತುತ್ತಿರುವುದು ತೂಕದ ಭಾರದ ಆರು ಪಟ್ಟು, ಸುಮಾರು 59 ನ್ಯೂಟನ್.

δ ಚಿಕ್ಕದಾದಷ್ಟೂ ಈ ಪಟ್ಟು ಏರುತ್ತದೆ, ಇದು ಹಲವರಿಗೆ ತಲೆಕೆಳಗಾಗಿ ಕಾಣುತ್ತದೆ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳದ ಚೀಲ ಬರುವ ದಿನ ನೆನೆಸಿಕೊಳ್ಳಿ. 50 ಕೆಜಿಯ ಒಂದು ಚೀಲವನ್ನು ಮೆಲ್ಲಗೆ ಇಟ್ಟರೆ 2 ಮಿ.ಮೀ. ಬಗ್ಗುವ ಹಲಗೆಯ ಮೇಲೆ, ಹಮಾಲರು ಬೆನ್ನಿಂದ ಇಳಿಸುವ ಬದಲು 20 ಸೆಂ.ಮೀ. ಮೇಲಿಂದ ದೊಪ್ಪೆಂದು ಬಿಟ್ಟರೆ? x/δ ಲೆಕ್ಕ ಹಾಕಿದರೆ ಹದಿನೈದು ಪಟ್ಟು, ಅಂದರೆ ಹಲಗೆ ಒಂದು ಕ್ಷಣ 750 ಕೆಜಿ ಹೊತ್ತಂತೆ. ನಿಜದಲ್ಲಿ ಇಷ್ಟಾಗದು. ಚೀಲ ತಾನೇ ಚಪ್ಪಟೆಯಾಗಿ, ಕಾಳು ಕಾಳಿಗೆ ಉಜ್ಜಿ ಸಾಕಷ್ಟು ಶಕ್ತಿ ನುಂಗುತ್ತದೆ. ಅದೇ ಭಾರದ ಕಬ್ಬಿಣದ ಗಟ್ಟಿಯಾಗಿದ್ದರೆ ಆ ರಿಯಾಯಿತಿ ಸಿಗುವುದಿಲ್ಲ.

ಹೆಜ್ಜೆ 5: ಬೀಳಿಸಿ ಅಳೆಯಿರಿ

ತೂಕದ ತಳ ಸೊನ್ನೆಯಿಂದ ಸರಿಯಾಗಿ 24 ಸೆಂ.ಮೀ. ಮೇಲೆ ಬರುವಂತೆ ದಾರ ಕಟ್ಟಿ ತೂಗಿಬಿಡಿ. ಅಲುಗಾಟ ನಿಂತ ಮೇಲೆ ದಾರವನ್ನು ಕತ್ತರಿಯಿಂದ ಕತ್ತರಿಸಿ. ಕೈಯಿಂದ ಬಿಟ್ಟರೆ ಬೆರಳು ಅರಿವಿಲ್ಲದೆ ತುಸು ತಳ್ಳುತ್ತದೆ ಅಥವಾ ಓರೆ ಮಾಡುತ್ತದೆ, ಓರೆಯಾದ ತೂಕ ಕೊಳವೆಗೆ ಉಜ್ಜುತ್ತಾ ಇಳಿಯುತ್ತದೆ.

ಅತಿ ಕೆಳಗಿನ ಜಾಗ ಕಣ್ಣಿಗೆ ಸಿಗುವುದಿಲ್ಲ, ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಆದರೆ ಸಾಮಾನ್ಯ ವಿಡಿಯೋ ಸಾಲದು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ತೂಕ ತಿರುಗುವ ಕ್ಷಣ ಎರಡು ಚಿತ್ರಗಳ ನಡುವೆ ಬಿದ್ದರೆ ನೀವು 7 ಮಿ.ಮೀ.ವರೆಗೂ ಕಡಿಮೆ ಓದಬಹುದು, ಏಕೆಂದರೆ ತಿರುವಿನಲ್ಲಿ ತೂಕದ ವೇಗೋತ್ಕರ್ಷ g ಯ ಐದು ಪಟ್ಟು ಇರುತ್ತದೆ. ಸ್ಲೋ ಮೋಷನ್‌ನಲ್ಲಿ 240 ಚಿತ್ರಕ್ಕೆ ಇಟ್ಟರೆ ಇದೇ ತಪ್ಪು 0.1 ಮಿ.ಮೀ.ಗೆ ಇಳಿಯುತ್ತದೆ. ಕ್ಯಾಮೆರಾವನ್ನು 12 ಸೆಂ.ಮೀ. ಗುರುತಿನ ಮಟ್ಟಕ್ಕೇ ಇಡಿ. ಮೇಲಿಂದ ನೋಡಿದರೆ ಒಳಗಿನ ತೂಕಕ್ಕೂ ಹೊರಗಿನ ಸ್ಕೇಲಿಗೂ ಇರುವ ಅಂತರದಿಂದ ಓದು ತಪ್ಪುತ್ತದೆ. ಐದು ಸಲ ಬೀಳಿಸಿ. ಓದುಗಳ ನಡುವೆ ಎರಡು ಮಿ.ಮೀ.ಗಿಂತ ಹೆಚ್ಚು ಏರುಪೇರಿದ್ದರೆ ತೂಕ ಓರೆಯಾಗುತ್ತಿದೆ ಎಂದು ತಿಳಿಯಿರಿ.

ಓದು 12 ಬರದೆ ಕಡಿಮೆ ಬಂದರೆ

ಬಂದೇ ಬರುತ್ತದೆ. 12ಕ್ಕಿಂತ ಹೆಚ್ಚು ಬಂದರೆ ಮಾತ್ರ ಅಳತೆಯಲ್ಲಿ ತಪ್ಪಿದೆ, ಮೊದಲು δ ಅನ್ನು ಮತ್ತೆ ಅಳೆಯಿರಿ. ಕಡಿಮೆಯಾದದ್ದು ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚುವುದೇ ಈ ಪ್ರಯೋಗದ ರುಚಿ.

ಉಜ್ಜಾಟದಿಂದ ಶುರುಮಾಡಿ. ಮೆಲ್ಲಗಿಟ್ಟ ತೂಕವನ್ನು ಮೇಲಿಂದ ಇಳಿಸುತ್ತಾ ನಿಲ್ಲಿಸಿ ಒಮ್ಮೆ ಓದಿ, ಆಮೇಲೆ ಬೆರಳಿನಿಂದ ಇನ್ನೂ ಕೆಳಕ್ಕೆ ಒತ್ತಿ ನಿಧಾನ ಬಿಟ್ಟು ಇನ್ನೊಮ್ಮೆ ಓದಿ. ಮೊದಲನೆಯದು 1.9, ಎರಡನೆಯದು 2.1 ಬಂದರೆ ಕೊಳವೆಯ ಉಜ್ಜಾಟ ತೂಕದ ಭಾರದ ಇಪ್ಪತ್ತನೇ ಒಂದು ಭಾಗ ಇದೆ. ಇದನ್ನು ಲೆಕ್ಕಕ್ಕೆ ಸೇರಿಸುವುದು ಬಹಳ ಸುಲಭ. ಬೀಳುವಾಗ ಉಜ್ಜಾಟ ಭಾರವನ್ನು ಅಷ್ಟು ಕಡಿಮೆ ಮಾಡುತ್ತದೆ, ಹಾಗಾಗಿ ಸೂತ್ರದಲ್ಲಿ 2ರ ಬದಲು 1.9 ಹಾಕಿ. ಉತ್ತರ 11.6ಕ್ಕೆ ಇಳಿಯುತ್ತದೆ.

ಎರಡನೆಯದು ಸ್ಪ್ರಿಂಗಿನ ಸ್ವಂತ ದ್ರವ್ಯರಾಶಿ. ನಮ್ಮ ಸ್ಪ್ರಿಂಗ್ ಸುಮಾರು 175 ಗ್ರಾಂ ಇರುತ್ತದೆ. ಬುಡ ಅಲುಗುವುದಿಲ್ಲ, ತುದಿ ಪೂರ್ತಿ ವೇಗದಲ್ಲಿ ಹೋಗುತ್ತದೆ. ಒಟ್ಟಾರೆ ಅದರ ಮೂರನೇ ಒಂದು ಭಾಗ, ಅಂದರೆ 58 ಗ್ರಾಂ, ತುದಿಯಲ್ಲಿ ಕೂತಂತೆ ಹಿಡಿಯಬಹುದು. ಇದರಿಂದ ಸುಮಾರು 3 ಮಿ.ಮೀ. ಕಡಿಮೆಯಾಗುತ್ತದೆ, ಇದು ಅಂದಾಜು ಮಾತ್ರ.

ಸ್ಪ್ರಿಂಗಿನ ತುದಿಗೆ ತಟ್ಟೆ ಇಟ್ಟಿದ್ದರೆ ಅದು ಬೇರೆಯೇ ಕಥೆ. ತೂಕ ತಟ್ಟೆಗೆ ಬಡಿದು ಎರಡೂ ಒಟ್ಟಿಗೆ ಇಳಿದರೆ ಆ ಬಡಿತದಲ್ಲಿ ಚಲನಶಕ್ತಿ ಪೂರ್ತಿ ಉಳಿಯುವುದಿಲ್ಲ, ಪೂರ್ತಿ ಉಳಿಯುವುದು ಸಂವೇಗ. ಆದ್ದರಿಂದ ಕೈ ಬಿಟ್ಟ ಕ್ಷಣದಿಂದ ನೇರ ಕೆಳಗಿನ ಕ್ಷಣಕ್ಕೆ ಹಾರುವ ನಮ್ಮ ಉಪಾಯ ಇಲ್ಲಿ ನಡೆಯದು. ಬಡಿತದ ಮುಂಚೆ ಒಂದು ಲೆಕ್ಕ, ಆಮೇಲೆ ಒಂದು ಲೆಕ್ಕ. ಅದೃಷ್ಟಕ್ಕೆ, ಎರಡನ್ನೂ ಕೂಡಿಸಿದರೆ ಬರುವ ಸೂತ್ರ ಹಳೆಯದರಂತೆಯೇ ಇದೆ:

```
x = δ + √(δ² + 2δh·m/(m + M))
```

M ತಟ್ಟೆಯ ದ್ರವ್ಯರಾಶಿ, δ ಮೊದಲಿನಂತೆ ತೂಕ ಒಂದರಿಂದಲೇ ಆಗುವ ಸಂಕೋಚನ, h ಮತ್ತು x ಎರಡೂ ತಟ್ಟೆ ಸುಮ್ಮನೆ ಕೂತ ಜಾಗದಿಂದ. 250 ಗ್ರಾಂ ತಟ್ಟೆಗೆ m/(m + M) = 0.8. ಅಂದರೆ ಬಡಿತದಲ್ಲೇ ಐದರಲ್ಲಿ ಒಂದು ಪಾಲು ಶಕ್ತಿ ಶಬ್ದ, ಬಿಸಿಯಾಗಿ ಹೋಯಿತು. x = 11.0 ಸೆಂ.ಮೀ. ತಟ್ಟೆ ಮೊದಲೇ ಸ್ಪ್ರಿಂಗನ್ನು ಅರ್ಧ ಸೆಂ.ಮೀ. ಕುಗ್ಗಿಸಿರುವುದರಿಂದ ಸುರುಳಿಗಳ ಒಟ್ಟು ಸಂಕೋಚನ 11.5. ಇಲ್ಲಿ δಗೆ ತಟ್ಟೆಯ ಭಾರವನ್ನೂ ಸೇರಿಸಿಬಿಡುವುದು ಸಾಮಾನ್ಯ ತಪ್ಪು. ಆ ಭಾರವನ್ನು ಸ್ಪ್ರಿಂಗ್ ಆಗಲೇ ಹೊತ್ತು ನಿಂತಿದೆ.

ಇಷ್ಟೆಲ್ಲ ಬಿಡಿಬಿಡಿಯಾಗಿ ನೋಡಲು ಸಮಯವಿಲ್ಲದಿದ್ದರೆ, ತಟ್ಟೆ ಇಲ್ಲದ ಪ್ರಯೋಗಕ್ಕೆ ಒಂದು ಅಡ್ಡದಾರಿ ಇದೆ. ವಿಡಿಯೋ ಮುಂದಕ್ಕೆ ಓಡಿಸಿ, ತೂಕ ಪುಟಿದು ಎಷ್ಟು ಮೇಲೆ ಹೋಯಿತು ನೋಡಿ. ಏನೂ ನಷ್ಟವಾಗದಿದ್ದರೆ ಅದು ಮತ್ತೆ 24ಕ್ಕೆ ಬರಬೇಕಿತ್ತು. 18ಕ್ಕೇ ನಿಂತಿತು ಎನ್ನಿ. ಹೋಗಿ ಬರುವ ದಾರಿಯಲ್ಲಿ 6 ಸೆಂ.ಮೀ. ಬೆಲೆಯ ಶಕ್ತಿ ಹೋಗಿದೆ. ಅರ್ಧ ಹೋಗುವಾಗ, ಅರ್ಧ ಬರುವಾಗ ಎಂದು ಹಿಡಿದರೆ ಕೆಳಗೆ ತಲುಪುವಷ್ಟರಲ್ಲಿ ಹೋದದ್ದು 3 ಸೆಂ.ಮೀ.ನಷ್ಟು. ಸೂತ್ರದಲ್ಲಿ h ಜಾಗಕ್ಕೆ 24ರ ಬದಲು 21 ಹಾಕಿ: x = 2 + √(4 + 84) = 11.4 ಸೆಂ.ಮೀ. ನಿಮ್ಮ ವಿಡಿಯೋದ ಓದು ಇದರ ಆಚೀಚೆ ಎರಡು ಮಿ.ಮೀ. ಒಳಗಿದ್ದರೆ ಲೆಕ್ಕವೂ ಸರಿ, ಸ್ಪ್ರಿಂಗೂ ಸರಿ. ಪುಟಿತ 23ರವರೆಗೂ ಬಂದು ಓದು ಮಾತ್ರ 11.4ರಲ್ಲೇ ಉಳಿದಿದ್ದರೆ ಶಕ್ತಿ ಎಲ್ಲೂ ಹೋಗಿಲ್ಲ, ಸ್ಕೇಲಿನ ಸೊನ್ನೆ ಜಾರಿದೆ ಅಥವಾ ಕ್ಯಾಮೆರಾ ಮೇಲಿಂದ ನೋಡುತ್ತಿದೆ.